ಗುಂಪಿನ ಸರಾಸರಿ, ಒಬ್ಬನ ಎತ್ತರ: ಯೆರವಡಾದ ಅಳತೆಪಟ್ಟಿಗಳು ಕಲಿಸುವ ಲೆಕ್ಕ

ಯೆರವಡಾ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಅಲ್ಲಿಯ ಜೈಲು ಮತ್ತು 1932ರ ಪುಣೆ ಒಪ್ಪಂದ. ಪುಣೆಯಲ್ಲಿ ಕೆಲಸಕ್ಕಿರುವ ನಮ್ಮಂಥ ಕನ್ನಡಿಗರಿಗೆ ಅದು ವಿಮಾನ ನಿಲ್ದಾಣಕ್ಕೆ ಹೋಗುವ ದಾರಿ, ಐಟಿ ಪಾರ್ಕುಗಳ ಜಾಗ, ಸಂಜೆಯ ಟ್ರಾಫಿಕ್ಕು. ಅದೇ ಯೆರವಡಾದಲ್ಲಿ ಮರಗಳ ಮರೆಯಲ್ಲಿ ಡೆಕ್ಕನ್ ಕಾಲೇಜಿನ ಹಳೆಯ ಕಲ್ಲಿನ ಕಟ್ಟಡವಿದೆ. 1860ರ ದಶಕದಲ್ಲಿ ಕಟ್ಟಿದ ಈ ಕಾಲೇಜು 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮತ್ತೆ ಬಾಗಿಲು ತೆರೆಯಿತು. ಶಾಸನಗಳನ್ನು ಆಧರಿಸಿ ಜಿ.ಎಸ್. ಗಾಯಿ ಅವರು ಬರೆದ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನು 1946ರಲ್ಲಿ ಪ್ರಕಟಿಸಿದ್ದೂ ಇದೇ ಸಂಸ್ಥೆ.

1939ರಲ್ಲಿ ಅಲ್ಲಿ ಸೇರಿದವರಲ್ಲಿ ಇರಾವತಿ ಕರ್ವೆ ಒಬ್ಬರು. ಮಹಾಭಾರತದ ಪಾತ್ರಗಳ ಬಗ್ಗೆ ಅವರು ಬರೆದ 'ಯುಗಾಂತ' ನಮ್ಮಲ್ಲಿ ಅನೇಕರಿಗೆ ಗೊತ್ತು. ಅವರ ಇನ್ನೊಂದು ಕೆಲಸ ಅಷ್ಟು ಪರಿಚಿತವಲ್ಲ. ಅಳತೆಗೋಲು ಮತ್ತು ಕ್ಯಾಲಿಪರ್ ಹಿಡಿದು ಊರೂರು ತಿರುಗಿ ಜನರ ಎತ್ತರ, ತಲೆಯ ಉದ್ದಗಲ, ಮೂಗಿನ ಅಗಲಗಳನ್ನು ಅಳೆದು ಬರೆದುಕೊಳ್ಳುವ ಕೆಲಸ ಅದು. ಆ ಶಾಸ್ತ್ರಕ್ಕೆ ಆಂತ್ರೊಪೊಮೆಟ್ರಿ ಎಂದು ಹೆಸರು. 1951ರಲ್ಲಿ ಡೆಕ್ಕನ್ ಕಾಲೇಜು ಮಹಾರಾಷ್ಟ್ರದ ಇಂಥ ಅಳತೆಗಳ ಪುಸ್ತಕವೊಂದನ್ನು ಹೊರತಂದಿತು. ಕರ್ವೆ ಅವರ ಜೊತೆ ಅದನ್ನು ಬರೆದವರು ಗೋಖಲೆ ಸಂಸ್ಥೆಯ ವಿ.ಎಂ. ದಾಂಡೇಕರ್. ಅವರು ಸಂಖ್ಯಾಶಾಸ್ತ್ರ ಬಲ್ಲವರು. ಜನರನ್ನು ಅಳೆಯುವವರಿಗೆ ಲೆಕ್ಕದವರು ಯಾಕೆ ಬೇಕಾದರು? ಆ ಪ್ರಶ್ನೆಯಿಂದಲೇ ಈ ಲೇಖನ ಹೊರಟಿದೆ.

ಸರಾಸರಿಗಳನ್ನು ಸಾಲಾಗಿ ನಿಲ್ಲಿಸಿದವರು

ಕರ್ವೆಯವರಿಗಿಂತ ಅರ್ಧ ಶತಮಾನ ಮೊದಲು ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಬಂಗಾಳದಲ್ಲಿ ಜನರ ಮೂಗು ಅಳೆದಿದ್ದ. ಪ್ರತಿ ಜಾತಿಯಿಂದ ಒಂದಷ್ಟು ಜನರನ್ನು ಹಿಡಿದು, ಮೂಗಿನ ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣದ ಸರಾಸರಿ ತೆಗೆದು, ಆ ಸರಾಸರಿಗಳನ್ನು ಸಾಲಾಗಿ ಜೋಡಿಸಿದ. ಮೂಗು ಅಗಲವಾದಷ್ಟೂ ಸಮಾಜದಲ್ಲಿ ಆ ಜಾತಿಯ ಸ್ಥಾನ ಕೆಳಗೆ ಎಂಬ ಸಿದ್ಧಾಂತವನ್ನೇ ಹೊರಡಿಸಿದ. ಅವನ ಪುಸ್ತಕ ಬಂದದ್ದು 1891ರಲ್ಲಿ. ಅದೇ ರಿಸ್ಲಿ 1901ರ ಜನಗಣತಿಯ ಮುಖ್ಯಸ್ಥನಾದ. ದಕ್ಷಿಣದಲ್ಲಿ ಎಡ್ಗರ್ ಥರ್ಸ್ಟನ್ ಇಂಥದ್ದೇ ಅಳತೆಗಳನ್ನು ಮಾಡಿದ. 1909ರಲ್ಲಿ ಬಂದ ಅವನ ಸಂಪುಟಗಳಲ್ಲಿ ಕನ್ನಡ ನಾಡಿನ ಸಮುದಾಯಗಳೂ ಇವೆ.

ಇಂಥ ಪಟ್ಟಿಯಲ್ಲಿ ಒಂದು ಜಾತಿಗೆ ಒಂದೇ ಅಂಕಿ. ಓದುವವನ ಕಣ್ಣಿಗೆ ಇಡೀ ಜಾತಿಯೇ ಆ ಅಂಕಿಯಾಗಿ ಕಾಣುತ್ತದೆ. ಅಳೆಸಿಕೊಂಡ ಒಬ್ಬೊಬ್ಬ ಮನುಷ್ಯನೂ ಆ ಅಂಕಿಯಿಂದ ಎಷ್ಟು ದೂರ ಇದ್ದ ಎನ್ನುವುದು ಕಾಣುವುದಿಲ್ಲ. ಒಳಗಿನ ಈ ಹರವು ಒಂದು ಸಂಗತಿ. ಸರಾಸರಿ ಎಷ್ಟು ನಂಬಿಕೆಗೆ ಯೋಗ್ಯ ಎನ್ನುವುದು ಇನ್ನೊಂದು ಸಂಗತಿ. ಮೊದಲನೆಯದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಶನ್ ಎಂದು ಹೆಸರು, ನಮ್ಮ ಶಾಲೆಯ ಪುಸ್ತಕಗಳಲ್ಲಿ ಮಾನಕ ವಿಚಲನೆ. ಎರಡನೆಯದಕ್ಕೆ ಸ್ಟ್ಯಾಂಡರ್ಡ್ ಎರರ್, ಅಂದರೆ ಮಾನಕ ದೋಷ. ಎರಡಕ್ಕೂ ಮಾಪನ ಸೆಂಟಿಮೀಟರೇ, ಪಟ್ಟಿಯಲ್ಲಿ ಎರಡನ್ನೂ ± ಚಿಹ್ನೆಯ ಪಕ್ಕದಲ್ಲೇ ಬರೆಯುತ್ತಾರೆ. ಹಾಗಾಗಿ ಒಂದನ್ನು ಇನ್ನೊಂದೆಂದು ಓದಿಬಿಡುವುದು ಬಹಳ ಸುಲಭ.

ಎರಡು ಹರವುಗಳು

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು, ಯಾವ ಸಮುದಾಯದವೂ ಅಲ್ಲ. ಒಂದು ಗುಂಪಿನ ಗಂಡಸರ ಸರಾಸರಿ ಎತ್ತರ 163 ಸೆಂ.ಮೀ., ಮಾನಕ ವಿಚಲನೆ 6 ಸೆಂ.ಮೀ. ಎನ್ನೋಣ. ಎತ್ತರದಂಥ ಅಳತೆಗಳು ಸಾಮಾನ್ಯವಾಗಿ ಗಂಟೆಯಾಕಾರದಲ್ಲಿ ಹಂಚಿಕೊಂಡಿರುತ್ತವೆ. ಆದ್ದರಿಂದ ಮೂವರಲ್ಲಿ ಸುಮಾರು ಇಬ್ಬರು 157ರಿಂದ 169ರ ಒಳಗೆ ಸಿಗುತ್ತಾರೆ. ನೂರಕ್ಕೆ ತೊಂಬತ್ತೈದು ಜನ 151ರಿಂದ 175ರ ಒಳಗಿರುತ್ತಾರೆ. ಇದು ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸ. ನೀವು 50 ಜನರನ್ನು ಅಳೆಯಿರಿ, 5,000 ಜನರನ್ನು ಅಳೆಯಿರಿ, ಇದು 6ರ ಹತ್ತಿರವೇ ನಿಲ್ಲುತ್ತದೆ. ಹೆಚ್ಚು ಜನರನ್ನು ಅಳೆದ ಮಾತ್ರಕ್ಕೆ ಗಿಡ್ಡನೊಬ್ಬ ಉದ್ದವಾಗುವುದಿಲ್ಲವಲ್ಲ.

ಈಗ ಬೇರೆ ಪ್ರಶ್ನೆ. ಅದೇ ಗುಂಪಿನಿಂದ 36 ಜನರನ್ನು ಲಾಟರಿ ಎತ್ತಿದ ಹಾಗೆ ಆರಿಸಿ ಸರಾಸರಿ ತೆಗೆಯುತ್ತೀರಿ. ಇನ್ನೊಬ್ಬ ಸಂಶೋಧಕ ಬೇರೆ 36 ಜನರನ್ನು ಆರಿಸುತ್ತಾನೆ, ಮೂರನೆಯವನು ಇನ್ನೂ 36 ಜನರನ್ನು. ಮೂವರ ಸರಾಸರಿಯೂ ಒಂದೇ ಬರುವುದಿಲ್ಲ. ಇಂಥ ನೂರಾರು ಸಂಶೋಧಕರ ನೂರಾರು ಸರಾಸರಿಗಳನ್ನು ಒಂದೆಡೆ ಬರೆದರೆ ಅವುಗಳಿಗೂ ಒಂದು ಹರವು ಇರುತ್ತದೆ. ಆ ಹರವೇ ಮಾನಕ ದೋಷ. ದೋಷ ಎಂಬ ಹೆಸರಿದ್ದರೂ ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಯಾರು ಲಾಟರಿಯಲ್ಲಿ ಬಂದರು ಎನ್ನುವ ಅದೃಷ್ಟದಿಂದ ಸರಾಸರಿ ಎಷ್ಟು ಅತ್ತಿತ್ತ ಓಲಾಡುತ್ತದೆ ಎಂಬುದರ ಅಳತೆ ಅದು.

ಸೂತ್ರ ಚಿಕ್ಕದು:

ಮಾನಕ ದೋಷ = ಮಾನಕ ವಿಚಲನೆ ÷ √n

ಇಲ್ಲಿ n ಎಂದರೆ ಅಳೆದ ಜನರ ಸಂಖ್ಯೆ. 36 ಜನರನ್ನು ಅಳೆದರೆ 6 ÷ 6, ಅಂದರೆ 1 ಸೆಂ.ಮೀ. 144 ಜನರಾದರೆ ಅರ್ಧ ಸೆಂ.ಮೀ. 900 ಜನರಾದರೆ 0.2 ಸೆಂ.ಮೀ.

ಯಾಕೆ ಕುಗ್ಗುತ್ತದೆ?

ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಕೈಯಾರೆ ಎಣಿಸಿ ನೋಡುವುದು ಒಳ್ಳೆಯದು. ಲೆಕ್ಕ ಸುಲಭವಾಗಲಿ ಎಂದು ಒಂದು ವಿಚಿತ್ರ ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಅರ್ಧ ಜನ ಸರಾಸರಿಗಿಂತ ಸರಿಯಾಗಿ 6 ಸೆಂ.ಮೀ. ಎತ್ತರ, ಉಳಿದರ್ಧ ಸರಿಯಾಗಿ 6 ಸೆಂ.ಮೀ. ಗಿಡ್ಡ. ಒಬ್ಬನನ್ನೇ ಆರಿಸಿದರೆ ನಿಮ್ಮ ಉತ್ತರ +6 ಇಲ್ಲವೇ −6. ಅಂದರೆ ಹರವು 6.

ಇಬ್ಬರನ್ನು ಆರಿಸಿ. ನಾಲ್ಕು ಸಾಧ್ಯತೆಗಳಿವೆ. ಇಬ್ಬರೂ ಎತ್ತರ, ಮೊದಲನೆಯವ ಎತ್ತರ ಎರಡನೆಯವ ಗಿಡ್ಡ, ಅದರ ತಿರುಗುಮುರುಗು, ಇಬ್ಬರೂ ಗಿಡ್ಡ. ಸರಾಸರಿಗಳು +6, 0, 0, −6. ಹರವು ತಿಳಿಯಲು ಪ್ರತಿಯೊಂದರ ವರ್ಗ ತೆಗೆದು, ಆ ವರ್ಗಗಳ ಸರಾಸರಿ ಕಂಡು, ಅದರ ವರ್ಗಮೂಲ ತೆಗೆಯಬೇಕು. 36, 0, 0, 36 ಕೂಡಿದರೆ 72, ನಾಲ್ಕರಿಂದ ಭಾಗಿಸಿದರೆ 18, ವರ್ಗಮೂಲ ಸುಮಾರು 4.24. ಅದು 6 ÷ √2.

ನಾಲ್ವರನ್ನು ಆರಿಸಿದರೆ ಹದಿನಾರು ಸಾಧ್ಯತೆಗಳು. ನಾಲ್ವರೂ ಎತ್ತರದವರೇ ಬರುವ ದಾರಿ ಒಂದೇ ಒಂದು. ಮೂವರು ಎತ್ತರ, ಒಬ್ಬ ಗಿಡ್ಡ ಬರುವ ದಾರಿ ನಾಲ್ಕು, ಆಗ ಸರಾಸರಿ +3. ಇಬ್ಬರು ಇಬ್ಬರಾಗಿ ಸಮನಾಗುವ ದಾರಿಗಳು ಆರು, ಸರಾಸರಿ 0. ಗಿಡ್ಡವರ ಕಡೆಯೂ ಇದೇ ಲೆಕ್ಕ. ವರ್ಗಗಳನ್ನು ಕೂಡಿದರೆ 144, ಹದಿನಾರರಿಂದ ಭಾಗಿಸಿದರೆ 9, ವರ್ಗಮೂಲ 3. ಸರಿಯಾಗಿ 6 ÷ √4.

ಇಲ್ಲಿ ಏನಾಯಿತು ನೋಡಿ. ಊರಿನಲ್ಲಿ ಯಾರೂ ಬದಲಾಗಲಿಲ್ಲ. ಆದರೆ ಸರಾಸರಿ ತುದಿಗೆ ಹೋಗಬೇಕಾದರೆ ಆರಿಸಿದವರೆಲ್ಲರೂ ಒಂದೇ ಕಡೆಯವರಾಗಬೇಕು, ಜನ ಹೆಚ್ಚಾದಷ್ಟೂ ಅಂಥ ದಾರಿಗಳು ಅಪರೂಪವಾಗುತ್ತವೆ. ಒಬ್ಬನ ಹೆಚ್ಚು ಇನ್ನೊಬ್ಬನ ಕಡಿಮೆಯನ್ನು ಹೊಡೆದುಹಾಕುವ ದಾರಿಗಳು ಬೇಕಾದಷ್ಟಿರುತ್ತವೆ. ಹಾಗೆಂದು ಎಲ್ಲವೂ ಪೂರ್ತಿ ಹೊಡೆದುಹೋಗುವುದಿಲ್ಲ. ನಾಲ್ವರ ವ್ಯತ್ಯಾಸಗಳ ಮೊತ್ತದ ಹರವು ನಾಲ್ಕು ಪಟ್ಟಾಗದೆ ಎರಡು ಪಟ್ಟು ಮಾತ್ರ ಆಗುತ್ತದೆ, ಅಂದರೆ √4 ಪಟ್ಟು. ಸರಾಸರಿಗಾಗಿ ಮೊತ್ತವನ್ನು ನಾಲ್ಕರಿಂದ ಭಾಗಿಸುತ್ತೇವೆ. ಎರಡು ಪಟ್ಟಾದದ್ದನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು ಅರ್ಧ.

ಈ ವರ್ಗಮೂಲಕ್ಕೆ ಬೆಲೆ ತೆರಬೇಕಾಗುತ್ತದೆ. ಮಾನಕ ದೋಷವನ್ನು ಅರ್ಧ ಮಾಡಬೇಕಾದರೆ ನಾಲ್ಕು ಪಟ್ಟು ಜನರನ್ನು ಅಳೆಯಬೇಕು, ಹತ್ತರಲ್ಲೊಂದು ಮಾಡಬೇಕಾದರೆ ನೂರು ಪಟ್ಟು. ಹಳ್ಳಿಯಿಂದ ಹಳ್ಳಿಗೆ ಅಳತೆಗೋಲು ಹೊತ್ತು ತಿರುಗುವವರಿಗೆ ಇದು ಸಣ್ಣ ಮಾತಲ್ಲ.

ಒಂದು ಸೆಂಟಿಮೀಟರಿನ ವ್ಯತ್ಯಾಸ

ಈಗ ನಿಜವಾದ ತೊಡಕಿಗೆ ಬರೋಣ. ಮೊದಲ ಗುಂಪಿನ ಸರಾಸರಿ 163, ಎರಡನೆಯದರದು 164. ಎರಡರಲ್ಲೂ ಮಾನಕ ವಿಚಲನೆ 6.

ಪ್ರತಿ ಗುಂಪಿನಿಂದ 9 ಜನರನ್ನಷ್ಟೇ ಅಳೆದರೆ ಪ್ರತಿ ಸರಾಸರಿಯ ಮಾನಕ ದೋಷ 2 ಸೆಂ.ಮೀ. ಎರಡು ಸರಾಸರಿಗಳ ವ್ಯತ್ಯಾಸಕ್ಕೆ ಎರಡೂ ಕಡೆಯ ಓಲಾಟ ಸೇರುತ್ತದೆ. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 2.8. ಇಷ್ಟು ಓಲಾಟದ ನಡುವೆ 1 ಸೆಂ.ಮೀ. ವ್ಯತ್ಯಾಸ ಮುಳುಗಿಹೋಗುತ್ತದೆ. ಯಾವ ಗುಂಪು ಎತ್ತರ ಎಂದು ಹೇಳುವ ಹಾಗೇ ಇಲ್ಲ. ಪ್ರತಿ ಗುಂಪಿನಿಂದ 900 ಜನರನ್ನು ಅಳೆದರೆ ವ್ಯತ್ಯಾಸದ ಮಾನಕ ದೋಷ 0.28ಕ್ಕೆ ಇಳಿಯುತ್ತದೆ. ಆಗ 1 ಸೆಂ.ಮೀ. ಎನ್ನುವುದು ಅದರ ಮೂರೂವರೆ ಪಟ್ಟು. ಇಷ್ಟು ದೊಡ್ಡ ವ್ಯತ್ಯಾಸ ಬರೀ ಲಾಟರಿಯಿಂದ ಬರುವುದು ಬಹಳ ಅಪರೂಪ, ಸರಾಸರಿಗಳು ನಿಜಕ್ಕೂ ಬೇರೆ ಎಂದು ಧೈರ್ಯವಾಗಿ ಹೇಳಬಹುದು.

ಹಾಗಾದರೆ ಎರಡನೆಯ ಗುಂಪಿನವರು ಎತ್ತರದವರೇ? ಎರಡೂ ಗುಂಪಿನಿಂದ ಒಬ್ಬೊಬ್ಬನನ್ನು ಕಣ್ಣುಮುಚ್ಚಿ ಆರಿಸಿ ಪಕ್ಕಪಕ್ಕ ನಿಲ್ಲಿಸಿ. ಎರಡನೆಯ ಗುಂಪಿನವನು ಎತ್ತರವಾಗಿರುವುದು ನೂರು ಸಲದಲ್ಲಿ ಸುಮಾರು 55 ಸಲ ಮಾತ್ರ. ಉಳಿದ 45 ಸಲ ಮೊದಲ ಗುಂಪಿನವನೇ ಎತ್ತರ. ನಾಣ್ಯ ಚಿಮ್ಮುವುದಕ್ಕಿಂತ ಒಂದಿಷ್ಟೇ ಹೆಚ್ಚು. ಒಬ್ಬನ ಎತ್ತರ ನೋಡಿ ಅವನು ಯಾವ ಗುಂಪು ಎಂದು ಹೇಳಲು ಹೋದರೆ ಹೆಚ್ಚು ಕಡಿಮೆ ಅರ್ಧಕ್ಕರ್ಧ ತಪ್ಪಾಗುತ್ತದೆ. 900ರ ಬದಲು ಒಂಬತ್ತು ಲಕ್ಷ ಜನರನ್ನು ಅಳೆದರೂ ಈ 55 ಎನ್ನುವುದು ಬದಲಾಗುವುದಿಲ್ಲ, ಏಕೆಂದರೆ ಅದನ್ನು ನಿರ್ಧರಿಸುವುದು ಮಾನಕ ವಿಚಲನೆ. ಮಾನಕ ದೋಷಕ್ಕೆ ಅಲ್ಲಿ ಪಾತ್ರವೇ ಇಲ್ಲ.

ಜನಾಂಗ ಸಿದ್ಧಾಂತಗಳ ದೊಡ್ಡ ಜಾರುಬಂಡೆ ಇರುವುದು ಇಲ್ಲೇ. ಸರಾಸರಿಗಳು ಬೇರೆ ಎಂಬ ಸಣ್ಣ ಸತ್ಯದಿಂದ ಮನುಷ್ಯರೇ ಬೇರೆ ಎಂಬ ದೊಡ್ಡ ಸುಳ್ಳಿಗೆ ಒಂದೇ ಹೆಜ್ಜೆಯಲ್ಲಿ ಜಾರಿಬಿಡಬಹುದು. ಇರಾವತಿ ಕರ್ವೆ ಈ ವಾತಾವರಣವನ್ನು ಹತ್ತಿರದಿಂದ ಕಂಡವರು. 1920ರ ದಶಕದ ಕೊನೆಯಲ್ಲಿ ಅವರು ಬರ್ಲಿನ್ನಿನಲ್ಲಿ ಓಯ್ಗೆನ್ ಫಿಶರ್ ಎಂಬ ಪ್ರಾಧ್ಯಾಪಕರ ಕೈಕೆಳಗೆ ಡಾಕ್ಟರೇಟ್ ಮಾಡಿದರು. ತಲೆಬುರುಡೆಯ ಎಡಬಲಗಳ ಅಸಮತೆಗೂ ಜನಾಂಗಕ್ಕೂ ಸಂಬಂಧವಿದೆ ಎಂಬುದು ಫಿಶರ್ ಊಹೆ. ಕರ್ವೆ 149 ಬುರುಡೆಗಳನ್ನು ಅಳೆದು, ಅಂಥ ಸಂಬಂಧ ಕಾಣುವುದಿಲ್ಲ ಎಂದು ತಮ್ಮ ಗುರುವಿನ ಊಹೆಗೆ ವಿರುದ್ಧವಾಗಿಯೇ ಪ್ರಬಂಧ ಬರೆದರು.

ಹೂವಿನಹಡಗಲಿಯವರ ಪಾಲು

ಗುಂಪುಗಳ ನಡುವಿನ ಅಂತರವನ್ನು ಯಾವ ಗಜದಿಂದ ಅಳೆಯಬೇಕು ಎನ್ನುವ ಪ್ರಶ್ನೆ ಕಲ್ಕತ್ತೆಯಲ್ಲಿ ಪಿ.ಸಿ. ಮಹಾಲನೋಬಿಸ್ ಅವರನ್ನೂ ಕಾಡಿತು. ಆಗ ಬಳಕೆಯಲ್ಲಿದ್ದದ್ದು ಲಂಡನ್ನಿನ ಕಾರ್ಲ್ ಪಿಯರ್ಸನ್ ಮಾಡಿದ ಒಂದು ಸೂಚ್ಯಂಕ. ಅದರ ತೊಂದರೆ ಏನೆಂದರೆ, ಅದು ಅಂತರವನ್ನು ಮಾನಕ ದೋಷದ ಲೆಕ್ಕದಲ್ಲಿ ಅಳೆಯುತ್ತಿತ್ತು. ಹಾಗಾಗಿ ಹೆಚ್ಚು ಜನರನ್ನು ಅಳೆದಷ್ಟೂ ಅದೇ ಎರಡು ಗುಂಪುಗಳು ಇನ್ನಷ್ಟು ದೂರವಾದಂತೆ ಕಾಣುತ್ತಿದ್ದವು. ನಮ್ಮ ಉದಾಹರಣೆಯಲ್ಲೇ ನೋಡಿ. 9 ಜನರಿದ್ದಾಗ ಅಂತರ ಮಾನಕ ದೋಷದ 0.35 ಪಟ್ಟು, 900 ಜನರಾದಾಗ 3.5 ಪಟ್ಟು. ಜನ ಅವರೇ, ಅಂತರ ಹತ್ತು ಪಟ್ಟು!

ಮಹಾಲನೋಬಿಸ್ ಕಂಡುಕೊಂಡ ದಾರಿ ಅಂತರವನ್ನು ಗುಂಪಿನ ಒಳಗಿನ ಹರವಿನಿಂದಲೇ ಅಳೆಯುವುದು. ನಮ್ಮ ಉದಾಹರಣೆಯಲ್ಲಿ ಅದು 1 ÷ 6, ಸುಮಾರು 0.17. ಎಷ್ಟೇ ಜನರನ್ನು ಅಳೆದರೂ ಅದು ಅಷ್ಟರ ಸುತ್ತಲೇ ಇರುತ್ತದೆ. ಅನೇಕ ಅಳತೆಗಳನ್ನು ಒಟ್ಟಿಗೆ, ಅವುಗಳ ಪರಸ್ಪರ ಸಂಬಂಧವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೀಗೆ ಹೋಲಿಸುವ ವಿಧಾನವೇ ಇಂದು ಡೇಟಾ ಕೆಲಸ ಮಾಡುವವರೆಲ್ಲ ಬಳಸುವ ಮಹಾಲನೋಬಿಸ್ ಅಂತರ. 1933ರಲ್ಲಿ ಅವರು ರಿಸ್ಲಿಯ ಹಳೆಯ ಅಳತೆಗಳನ್ನೂ ಮರುಪರಿಶೀಲಿಸಿದರು. 1941ರಲ್ಲಿ ಸಂಯುಕ್ತ ಪ್ರಾಂತ್ಯದಲ್ಲಿ ನಡೆದ ಅಳತೆಗಳ ವಿಶ್ಲೇಷಣೆಯನ್ನು ಡಿ.ಎನ್. ಮಜುಂದಾರ್ ಮತ್ತು ಸಿ.ಆರ್. ರಾವ್ ಅವರ ಜೊತೆಗೂಡಿ 1949ರಲ್ಲಿ ಪ್ರಕಟಿಸಿದರು. ಈ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದು ಇವರು ಯಾರೂ ಹೇಳಲಿಲ್ಲ. ಕರ್ವೆಯವರೇ ಕೆ.ಸಿ. ಮಲ್ಹೋತ್ರ ಅವರೊಂದಿಗೆ 1968ರಲ್ಲಿ, ಮಹಾರಾಷ್ಟ್ರದಲ್ಲಿ ಒಂದೇ ದರ್ಜೆಯವೆಂದು ಎಣಿಸಲಾಗುವ, ತಮ್ಮತಮ್ಮಲ್ಲೇ ಮದುವೆಯಾಗುವ ಎಂಟು ಗುಂಪುಗಳನ್ನು ಹೋಲಿಸಿ ಬರೆದರು. ವ್ಯತ್ಯಾಸವನ್ನು ಯಾವುದರ ಎದುರು ಇಟ್ಟು ನೋಡುತ್ತೇವೆ ಎನ್ನುವುದರಲ್ಲಿ ಎಲ್ಲ ಇದೆ.

ಸೂತ್ರ ಕೈಕೊಡುವ ಕಡೆ

ಮೇಲಿನ ಲೆಕ್ಕವೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ. ಆರಿಸಿದ ಪ್ರತಿಯೊಬ್ಬನೂ ಉಳಿದವರ ಹಂಗಿಲ್ಲದೆ ಲಾಟರಿಯಲ್ಲಿ ಬಂದಿರಬೇಕು. ಊರೂರು ಅಳೆಯುವಾಗ ಹಾಗಾಗುವುದು ಕಷ್ಟ. ಒಂದು ಹಳ್ಳಿಗೆ ಹೋದರೆ ಅಣ್ಣತಮ್ಮಂದಿರು, ದಾಯಾದಿಗಳು, ಒಂದೇ ಬರಗಾಲ ಕಂಡವರು ಒಟ್ಟಿಗೆ ಸಾಲಿನಲ್ಲಿ ನಿಂತಿರುತ್ತಾರೆ. ಒಬ್ಬ ಎತ್ತರವಾದರೆ ಅವನ ತಮ್ಮನೂ ಎತ್ತರವಾಗಿರುವ ಸಂಭವ ಹೆಚ್ಚು. ಆಗ ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕುವ ಬದಲು ಒಂದೇ ದಿಕ್ಕಿಗೆ ಎಳೆಯುತ್ತವೆ.

ನಮ್ಮ 900 ಜನ 20 ಹಳ್ಳಿಗಳಿಂದ 45 ಜನರಂತೆ ಬಂದವರು ಎನ್ನಿ. ಒಂದೇ ಹಳ್ಳಿಯವರ ನಡುವಿನ ಹೋಲಿಕೆ ಬಹಳ ಸಣ್ಣದು, 0.05 ಎಂದಿಟ್ಟುಕೊಳ್ಳಿ. ಇಂಥಲ್ಲಿ ಬಳಸುವ ಲೆಕ್ಕ 1 + (45 − 1) × 0.05, ಅಂದರೆ 3.2. 900ನ್ನು ಇದರಿಂದ ಭಾಗಿಸಬೇಕು. ನಿಜವಾದ ಲಾಟರಿಯಲ್ಲಿ ಬಂದ ಸುಮಾರು 281 ಜನರಿಂದ ಸಿಗುವಷ್ಟು ಮಾಹಿತಿ ಮಾತ್ರ ಈ 900 ಜನರಿಂದ ಸಿಕ್ಕಿದೆ. ಮಾನಕ ದೋಷ 0.2 ಅಲ್ಲ, ಸುಮಾರು 0.36. ಎರಡು ಗುಂಪುಗಳ 1 ಸೆಂ.ಮೀ. ವ್ಯತ್ಯಾಸ ಈಗ ಮೂರೂವರೆ ಪಟ್ಟಿನಿಂದ ಎರಡು ಪಟ್ಟಿಗೆ ಇಳಿಯಿತು. ಧೈರ್ಯವಾಗಿ ಹೇಳಿದ ಮಾತು ಅನುಮಾನದ ಅಂಚಿಗೆ ಬಂದು ನಿಂತಿತು.

ಇನ್ನೊಂದು ತೊಂದರೆಗೆ ಈ ಪರಿಹಾರವೂ ಇಲ್ಲ. ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ಸಂಜೆಗಿಂತ ಸುಮಾರು ಒಂದು ಸೆಂಟಿಮೀಟರ್ ಹೆಚ್ಚಿರುತ್ತದೆ. ದಿನವಿಡೀ ಓಡಾಡಿದಾಗ ಬೆನ್ನೆಲುಬಿನ ನಡುವಿನ ಮೆತ್ತೆಗಳು ಒತ್ತಿಕೊಳ್ಳುವುದೇ ಇದಕ್ಕೆ ಕಾರಣ. ಒಂದು ಗುಂಪಿನವರು ಬೆಳಿಗ್ಗೆಯೇ ಅಳತೆಗೆ ಸಿಕ್ಕರು, ಇನ್ನೊಂದು ಗುಂಪಿನವರು ಹೊಲದಿಂದ ಬಂದಮೇಲೆ ಸಂಜೆ ಸಿಕ್ಕರು ಎಂದರೆ ಇಲ್ಲದ 1 ಸೆಂ.ಮೀ. ವ್ಯತ್ಯಾಸ ಪಟ್ಟಿಯಲ್ಲಿ ಹುಟ್ಟಿಕೊಳ್ಳುತ್ತದೆ. ಅಳೆಯುವವರು ಬೇರೆಯಾದರೂ ಹೀಗೇ. ಕ್ಯಾಲಿಪರನ್ನು ಒಬ್ಬರು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಮೆಲ್ಲಗೆ ತಾಗಿಸುತ್ತಾರೆ. ಇಂಥ ವಾಲಿಕೆ n ಹೆಚ್ಚಾದರೆ ಕುಗ್ಗುವುದಿಲ್ಲ. ಮಾನಕ ದೋಷ ಸೊನ್ನೆಗೆ ಹತ್ತಿರವಾಗುತ್ತ ಹೋಗುತ್ತದೆ, ತಪ್ಪು ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೆ ಮದ್ದು ಲೆಕ್ಕದಲ್ಲಿಲ್ಲ. ಎಲ್ಲರನ್ನೂ ಒಂದೇ ಹೊತ್ತಿನಲ್ಲಿ, ಬರಿಗಾಲಲ್ಲಿ, ತಲೆಯನ್ನು ಒಂದೇ ಭಂಗಿಯಲ್ಲಿಟ್ಟು ಅಳೆಯಬೇಕು, ಕೆಲವರನ್ನು ಎರಡನೆಯವರಿಂದ ಮತ್ತೆ ಅಳೆಸಿ ಹೋಲಿಸಬೇಕು.

ಪಟ್ಟಿ ಕೈಗೆ ಸಿಕ್ಕಾಗ

ಹಳೆಯ ಅಳತೆಪಟ್ಟಿಯೋ, ಹೊಸ ವರದಿಯೋ ಕೈಗೆ ಬಂದು, ಅದರಲ್ಲಿ '100 ಜನ, 163.2 ± 0.6' ಎಂದಿದೆ ಎನ್ನೋಣ. ± ಪಕ್ಕದ್ದು ಯಾವುದು ಎಂದು ಬರೆದಿಲ್ಲ. ಅದನ್ನು √n ನಿಂದ ಗುಣಿಸಿ ನೋಡಿ. 0.6 × 10 ಅಂದರೆ 6. ವಯಸ್ಕ ಗಂಡಸರ ಎತ್ತರದ ಮಾನಕ ವಿಚಲನೆ ಎಲ್ಲಿ ನೋಡಿದರೂ 5ರಿಂದ 7 ಸೆಂ.ಮೀ. ಆಸುಪಾಸು. ಹಾಗಾದರೆ 0.6 ಎನ್ನುವುದು ಮಾನಕ ದೋಷವೇ ಸರಿ. ಅದನ್ನೇ ಮಾನಕ ವಿಚಲನೆ ಎಂದು ಓದಿದರೆ ಆ ಊರಿನ ಗಂಡಸರೆಲ್ಲ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಒಂದೂವರೆ ಸೆಂಟಿಮೀಟರ್ ಅತ್ತಿತ್ತ ಮಾತ್ರ ಇದ್ದಾರೆ ಎಂದಾಗುತ್ತದೆ. ಅಂಥ ಊರು ಎಲ್ಲೂ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಪಟ್ಟಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಆಗ 'ಸಂಭವನೀಯ ದೋಷ' ಎಂಬ ಅಂಕಿ ಬರೆಯುವ ರೂಢಿಯಿತ್ತು. ಅದು ಮಾನಕ ದೋಷದ ಸುಮಾರು ಮೂರನೇ ಎರಡು ಪಾಲು, ಸರಿಯಾಗಿ ಹೇಳಬೇಕೆಂದರೆ 0.6745 ಪಟ್ಟು.

ಆಮೇಲೆ ನಿಮ್ಮ ಪ್ರಶ್ನೆ ಯಾವುದು ಎಂದು ಕೇಳಿಕೊಳ್ಳಿ. ಒಬ್ಬ ಮನುಷ್ಯನ ಬಗ್ಗೆ, ಒಂದು ಅಂಗಿಯ ಅಳತೆಯ ಬಗ್ಗೆ, ಬಾಗಿಲು ಎಷ್ಟು ಎತ್ತರ ಇಡಬೇಕು ಎನ್ನುವ ಬಗ್ಗೆ ಕೇಳುತ್ತಿದ್ದರೆ ಬೇಕಾದದ್ದು ಮಾನಕ ವಿಚಲನೆ. ಇಡೀ ಗುಂಪಿನ ಸರಾಸರಿ ಎಷ್ಟು ಖಚಿತ ಎಂದು ಕೇಳುತ್ತಿದ್ದರೆ ಮಾನಕ ದೋಷ. ಬಾಗಿಲನ್ನು ಮಾನಕ ದೋಷ ನೋಡಿ ಇಟ್ಟವರ ಮನೆಯಲ್ಲಿ ಹೆಚ್ಚು ಕಡಿಮೆ ಅರ್ಧ ಜನರ ಹಣೆಗೆ ಪೆಟ್ಟು ಬೀಳುವುದು ಖಂಡಿತ.